ಭಟ್ರನ್ನು ನೋಡುತ್ತಿದ್ದರೆ ಮಾತ್ರ ದೋಸೆ: ಅನಿಮೇಟರ್ ಕಲ್ಲಿಂಗ್ ಕುರಿತ ಒಂದು ಪ್ರಕರಣ

ಬನಶಂಕರಿಯ ಒಂದು ಮನೆಯ ಮೊದಲ ಮಹಡಿಯಲ್ಲಿ ಕೆಲಸ ಮಾಡುವ ಸಣ್ಣ ತಂಡ ಅದು. ದರ್ಶಿನಿ ಹೋಟೆಲ್ ನಡೆಸುವ ಮೊಬೈಲ್ ಗೇಮ್ ಒಂದನ್ನು Unity ಎಂಜಿನ್‌ನಲ್ಲಿ ಕಟ್ಟುತ್ತಿದ್ದರು. ಆಟಗಾರನೇ ಹೋಟೆಲ್ ಮಾಲೀಕ. ಪರದೆಯ ಮೇಲೆ ಬೆರಳು ಎಳೆದರೆ ಕ್ಯಾಮೆರಾ ಅಡುಗೆಮನೆಯಿಂದ ಕ್ಯಾಶ್ ಕೌಂಟರಿಗೆ, ಅಲ್ಲಿಂದ ಹಿಂದಿನ ಸರ್ವಿಸ್ ಭಾಗಕ್ಕೆ ಸರಿಯುತ್ತದೆ. ಒಮ್ಮೆಗೆ ಒಂದು ಭಾಗ ಮಾತ್ರ ಕಾಣುತ್ತದೆ. ಕಾವಲಿಯ ಮುಂದೆ ಭಟ್ರು, ತಟ್ಟೆ ಹೊತ್ತು ಓಡಾಡುವ ಸಪ್ಲೈಯರ್, ಟೇಬಲ್ ಒರೆಸುವ ಹುಡುಗ, ಇವರ ಜೊತೆಗೆ ಮೂವತ್ತರವರೆಗೆ ಗಿರಾಕಿಗಳು. ಕೋಡ್ ಬರೆಯುವವರು ಇಬ್ಬರು, ಅನಿಮೇಷನ್ ಮಾಡುವವರು ಒಬ್ಬರು, ಟೆಸ್ಟಿಂಗ್‌ಗೆ ಒಬ್ಬಳು ಹುಡುಗಿ. ನಾನು ಆ ಇಬ್ಬರು ಪ್ರೋಗ್ರಾಮರ್‌ಗಳ ಜೊತೆ ಕೂತು ಈ ತೊಂದರೆಯ ಬೆನ್ನು ಹತ್ತಿದವನು. ಅದನ್ನು ಬಿಡಿಸಿದ ರೀತಿಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಟೆಸ್ಟರ್ ತಂದ ದೂರು ಒಂದೇ ಮಾತಿನದು. "ಸರ್, ನಾನು ನೋಡ್ತಾ ಇದ್ರೆ ಮಾತ್ರ ಭಟ್ರು ದೋಸೆ ಹಾಕ್ತಾರೆ. ಕ್ಯಾಶ್ ಕಡೆ ತಿರುಗಿದ್ರೆ ನಿಂತೇ ಬಿಡ್ತಾರೆ."

ಎದುರಿಗಿದ್ದ ಪ್ರೋಗ್ರಾಮರ್ ತಕ್ಷಣ ತನ್ನ ಕಂಪ್ಯೂಟರಿನಲ್ಲಿ ಗೇಮ್ ಓಡಿಸಿ ತೋರಿಸಿದರು. ಕ್ಯಾಮೆರಾ ಕ್ಯಾಶ್ ಕೌಂಟರಿಗೆ ಹೋಯಿತು, ಐದು ಸೆಕೆಂಡಿಗೆ ಸರಿಯಾಗಿ ದೋಸೆ ರೆಡಿ ಎಂಬ ಗಂಟೆ ಬಾರಿಸಿತು. "ನೋಡಮ್ಮ, ಚೆನ್ನಾಗೇ ಇದೆಯಲ್ಲ. ನಿನ್ನ ಫೋನ್ ಸ್ಲೋ ಇರ್ಬೇಕು." ಆಕೆ ಬಿಡಲಿಲ್ಲ. ತನ್ನ ಫೋನಿನಲ್ಲೇ ಮಾಡಿ ತೋರಿಸಿದಳು. ಕೌಂಟರಿನಲ್ಲಿ ಹತ್ತು ಸೆಕೆಂಡ್ ಕಾದು ವಾಪಸ್ ಬಂದರೆ ಭಟ್ರ ಸೌಟು ಹಿಟ್ಟಿನ ಸುತ್ತು ಅರ್ಧ ಎಳೆದಲ್ಲೇ ಇದೆ. ಕ್ಯಾಮೆರಾ ಅವರ ಮೇಲೆ ಬಿದ್ದ ಕೂಡಲೇ ಉಳಿದರ್ಧ ಸುತ್ತು ಮುಂದುವರಿಯಿತು.

ಫೋನ್ ಸ್ಲೋ ಆಗಿದ್ದರೆ ಎಲ್ಲವೂ ತಡವರಿಸಬೇಕಿತ್ತು. ಇಲ್ಲಿ ಕೌಂಟರಿನ ಮುಂದಿನ ಗಿರಾಕಿಗಳು ಸಲೀಸಾಗಿ ಕೈಯಾಡಿಸುತ್ತಿದ್ದರು, ಆಟದ ಗಡಿಯಾರ ಓಡುತ್ತಿತ್ತು, ಹಿನ್ನೆಲೆ ಸಂಗೀತ ಎಲ್ಲೂ ತುಂಡಾಗಲಿಲ್ಲ. ನಿಂತದ್ದು ಕಣ್ಣಿಗೆ ಕಾಣದವರು ಮಾತ್ರ, ಅದೂ ಕಾಣದಿದ್ದ ಅಷ್ಟು ಹೊತ್ತು ಮಾತ್ರ. ತೊಂದರೆ ಹೀಗೆ ಕಾಣುವುದು, ಕಾಣದಿರುವುದಕ್ಕೆ ಅಂಟಿಕೊಂಡಿದ್ದರೆ ಮೊದಲು ನೋಡಬೇಕಾದದ್ದು ಪಾತ್ರವನ್ನು ಆಡಿಸುವ ಅನಿಮೇಟರ್ ಕಾಂಪೊನೆಂಟಿನ ಕಲ್ಲಿಂಗ್ ಮೋಡ್.

ಪಾತ್ರವೊಂದು ಕ್ಯಾಮೆರಾದ ಚೌಕಟ್ಟಿನಿಂದ ಹೊರಗೆ ಹೋದಾಗ ಅದರ ಅನಿಮೇಷನ್ ಲೆಕ್ಕ ಹಾಕುವುದು ಬಹುಮಟ್ಟಿಗೆ ವ್ಯರ್ಥ. ಈ ಗೇಮ್‌ನಲ್ಲಿ ಒಬ್ಬ ಗಿರಾಕಿಗೆ ಸುಮಾರು ಐವತ್ತು ಮೂಳೆಗಳಿದ್ದವು. ಮೂವತ್ತು ಗಿರಾಕಿಗಳೆಂದರೆ ಪ್ರತಿ ಫ್ರೇಮಿಗೆ ಸಾವಿರದ ಐನೂರು ಮೂಳೆಗಳ ಜಾಗ, ತಿರುವು ಬರೆಯಬೇಕು. ಸೆಕೆಂಡಿಗೆ ಮೂವತ್ತು ಫ್ರೇಮ್ ಎಂದರೆ 45,000 ಸಲ. ಅಗ್ಗದ ಫೋನಿಗೆ ಇದು ಹೊರೆ. ಆದ್ದರಿಂದ ಎಂಜಿನ್ ಕಾಣದವರ ಲೆಕ್ಕವನ್ನು ಬಿಡಲು ಅವಕಾಶ ಕೊಡುತ್ತದೆ, ಎಷ್ಟು ಬಿಡಬೇಕೆಂಬ ಆಯ್ಕೆಯನ್ನು ನಮಗೆ ಒಪ್ಪಿಸುತ್ತದೆ. ಹೀಗೆ ಬಿಡುವುದಕ್ಕೇ ಕಲ್ಲಿಂಗ್ ಎನ್ನುವುದು. ಇನ್‌ಸ್ಪೆಕ್ಟರ್‌ನಲ್ಲಿ ಅನಿಮೇಟರ್ ಕಾಂಪೊನೆಂಟಿನ `Culling Mode` ಎಂಬ ಸಾಲಿನಲ್ಲಿ ಮೂರು ಆಯ್ಕೆಗಳಿವೆ.

`Always Animate` ಇಟ್ಟರೆ ಕಂಡರೂ ಕಾಣದಿದ್ದರೂ ಎಲ್ಲ ಲೆಕ್ಕವೂ ನಡೆಯುತ್ತದೆ. `Cull Update Transforms` ಇಟ್ಟರೆ, ಪಾತ್ರ ಕಾಣದಿದ್ದಾಗ, ಯಾವ ಕ್ಲಿಪ್ ಯಾವಾಗ ಓಡಬೇಕೆಂದು ನಿರ್ಧರಿಸುವ ಸ್ಟೇಟ್ ಮಷೀನ್ ಓಡುತ್ತಲೇ ಇರುತ್ತದೆ, ಕ್ಲಿಪ್‌ನ ಸಮಯ ಮುಂದೆ ಹೋಗುತ್ತದೆ, ಅನಿಮೇಷನ್ ಇವೆಂಟುಗಳು ಬರುತ್ತವೆ, ರೂಟ್ ಮೋಷನ್‌ನಿಂದ ಪಾತ್ರ ಜಾಗ ಬದಲಿಸುತ್ತದೆ. ಮೂಳೆಗಳಿಗೆ ಮಾತ್ರ ಏನೂ ಬರೆಯುವುದಿಲ್ಲ, ಕೈಕಾಲನ್ನು ಗುರಿಗೆ ಮುಟ್ಟಿಸುವ ಐಕೆ ಲೆಕ್ಕವನ್ನೂ ಮಾಡುವುದಿಲ್ಲ. `Cull Completely` ಇಟ್ಟರೆ ಇವಾವುದೂ ಇಲ್ಲ. ಸ್ಟೇಟ್ ಮಷೀನ್ ಕೂಡ ನಿಲ್ಲುತ್ತದೆ.

ಗೋಡೆ ಗಡಿಯಾರಕ್ಕೆ ಬಟ್ಟೆ ಮುಚ್ಚುವುದಕ್ಕೂ ಅದರ ಸೆಲ್ ಕಿತ್ತಿಡುವುದಕ್ಕೂ ಇರುವ ವ್ಯತ್ಯಾಸವೇ ಕೊನೆಯ ಎರಡು ಮೋಡ್‌ಗಳ ನಡುವಿನ ವ್ಯತ್ಯಾಸ. ಬಟ್ಟೆ ತೆಗೆದಾಗ ಮುಳ್ಳು ಎಲ್ಲಿರಬೇಕೋ ಅಲ್ಲಿರುತ್ತದೆ, ನೋಡುವವನಿಗೆ ಮಧ್ಯದ್ದು ಹಾರಿದಂತೆ ಅನಿಸುತ್ತದೆ. ಸೆಲ್ ವಾಪಸ್ ಹಾಕಿದಾಗ ಮುಳ್ಳು ನಿಂತಲ್ಲಿಂದಲೇ ಹೊರಡುತ್ತದೆ. ದೂರು ಬರೆಯುವವರು "ಅನಿಮೇಷನ್ ಹ್ಯಾಂಗ್ ಆಯ್ತು" ಅಂದರೋ "ಜಂಪ್ ಆಯ್ತು" ಅಂದರೋ ಎಂಬುದನ್ನು ಗಮನಿಸಿ ಓದಬೇಕು. ಯಾವ ಮೋಡ್ ಕೆಲಸ ಮಾಡುತ್ತಿದೆ ಎಂಬುದರ ಅರ್ಧ ಉತ್ತರ ಆ ಪದದಲ್ಲೇ ಇರುತ್ತದೆ.

ಈ ತಂಡದಲ್ಲಿ ಗಿರಾಕಿಗಳ ಸಂಖ್ಯೆ ಹೆಚ್ಚಿಸಿದಾಗ ಫ್ರೇಮ್ ರೇಟ್ ಬಿದ್ದಿತ್ತು. ಆಗ ಎಲ್ಲ ಪಾತ್ರಗಳಿಗೂ ಒಂದು ಸ್ಕ್ರಿಪ್ಟ್ ಮೂಲಕ `Cull Completely` ಹಾಕಲಾಗಿತ್ತು. ಗಿರಾಕಿಗಳ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆದರೆ ಭಟ್ರ ಕೈಯಲ್ಲಿ ಆಟದ ಲೆಕ್ಕಾಚಾರವೇ ಇತ್ತು.

ದೋಸೆಯ ಕ್ಲಿಪ್ ಆರು ಸೆಕೆಂಡಿನದು, ಸೆಕೆಂಡಿಗೆ ಮೂವತ್ತು ಫ್ರೇಮಿನಂತೆ 180 ಫ್ರೇಮ್. ಹಿಟ್ಟು ಹುಯ್ಯುವುದು, ಸುತ್ತುವುದು, ತುಪ್ಪ ಹಾಕುವುದು, ಮಡಚುವುದು, ಎತ್ತುವುದು. 150ನೇ ಫ್ರೇಮಿನಲ್ಲಿ, ಅಂದರೆ ಐದನೇ ಸೆಕೆಂಡಿಗೆ, ಒಂದು ಅನಿಮೇಷನ್ ಇವೆಂಟ್ ಕೂರಿಸಿದ್ದರು. ಅದು `DoseReady` ಎಂಬ ಫಂಕ್ಷನ್ ಕರೆಯುತ್ತದೆ. ಆ ಫಂಕ್ಷನ್ ತಟ್ಟೆಯನ್ನು ಹಲಗೆಯ ಮೇಲಿಟ್ಟು, ಗಂಟೆ ಬಾರಿಸಿ, ಆರ್ಡರ್ ಪಟ್ಟಿಯಲ್ಲಿ ಗುರುತು ಹಾಕುತ್ತದೆ. ಭಟ್ರ ಕೈ ಎತ್ತಿದ ಕ್ಷಣಕ್ಕೇ ತಟ್ಟೆ ಬರಬೇಕೆಂಬ ಆಸೆಯಿಂದ ಹಾಗೆ ಮಾಡಿದ್ದರು. ಕಣ್ಣಿಗೆ ಅದು ತುಂಬ ಚೆನ್ನಾಗಿ ಕೂಡಿಬರುತ್ತಿತ್ತು.

ಈಗ ಲೆಕ್ಕ ನೋಡಿ. ಆಟಗಾರ ಎರಡನೇ ಸೆಕೆಂಡಿಗೆ ಕೌಂಟರ್ ಕಡೆ ತಿರುಗಿ ಹತ್ತು ಸೆಕೆಂಡ್ ಅಲ್ಲೇ ಇದ್ದ. `Cull Completely`ಯಲ್ಲಿ ಕ್ಲಿಪ್‌ನ ಸಮಯ ಎರಡಕ್ಕೇ ನಿಂತಿರುತ್ತದೆ. ಅವನು ವಾಪಸ್ ಬಂದಾಗ ಆಟದ ಗಡಿಯಾರದಲ್ಲಿ ಹನ್ನೆರಡು. ಇವೆಂಟ್ ಬರಲು ಇನ್ನೂ ಮೂರು ಸೆಕೆಂಡ್ ಬೇಕು. ಐದನೇ ಸೆಕೆಂಡಿಗೆ ಬರಬೇಕಾದ ದೋಸೆ ಹದಿನೈದನೇ ಸೆಕೆಂಡಿಗೆ ಬಂತು. ಗಿರಾಕಿಯ ತಾಳ್ಮೆಯ ಮೀಟರ್ ಹನ್ನೆರಡು ಸೆಕೆಂಡಿನದು, ಅದು ಬೇರೆ ಕೋಡ್‌ನಲ್ಲಿ ತನ್ನ ಪಾಡಿಗೆ ಓಡುತ್ತಿತ್ತು. ಆತ ಬೈದು ಎದ್ದು ಹೋಗಿದ್ದ. ಕೌಂಟರ್ ನೋಡಿಕೊಂಡ ಮಾಲೀಕನಿಗೆ ಅಡುಗೆಮನೆಯಲ್ಲಿ ನಷ್ಟ. ಆಟದ ನಿಯಮದಲ್ಲಿ ಎಲ್ಲೂ ಇಲ್ಲದ ಶಿಕ್ಷೆ ಅದು.

ಹಾಗಾದರೆ ಪ್ರೋಗ್ರಾಮರ್ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಂಡದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಎಷ್ಟೋ ತಂಡಗಳು ಟೆಸ್ಟರ್ ಮಾತನ್ನು ನಂಬದೆ ದಿನ ಕಳೆಯುತ್ತವೆ. ಎಂಜಿನ್‌ನ ಲೆಕ್ಕದಲ್ಲಿ "ಕಾಣುವುದು" ಎಂದರೆ ಆಟಗಾರನ ಕಣ್ಣಿಗೆ ಕಾಣುವುದಲ್ಲ. ಯಾವುದಾದರೂ ಕ್ಯಾಮೆರಾಗಾಗಿ ಆ ವಸ್ತುವನ್ನು ರೆಂಡರ್ ಮಾಡುವ ಅಗತ್ಯವಿದೆಯೇ ಎಂಬುದಷ್ಟೇ ಅದಕ್ಕೆ ಮುಖ್ಯ. ಎಡಿಟರ್‌ನಲ್ಲಿ ಸೀನ್ ವ್ಯೂ ಎಂಬ ಕಿಟಕಿ ತೆರೆದಿರುತ್ತದಲ್ಲ, ಅದಕ್ಕೂ ತನ್ನದೇ ಕ್ಯಾಮೆರಾ ಇದೆ. ಪ್ರೋಗ್ರಾಮರ್ ಪರದೆಯ ಎಡಭಾಗದಲ್ಲಿ ಸೀನ್ ವ್ಯೂ ಇತ್ತು, ಅದರಲ್ಲಿ ಇಡೀ ಹೋಟೆಲ್ ಮೇಲಿನಿಂದ ಕಾಣುತ್ತಿತ್ತು. ಗೇಮ್ ಕ್ಯಾಮೆರಾ ಕೌಂಟರಿಗೆ ತಿರುಗಿದರೂ ಸೀನ್ ವ್ಯೂ ಕ್ಯಾಮೆರಾ ಭಟ್ರನ್ನು ನೋಡುತ್ತಲೇ ಇತ್ತು. ಎಂಜಿನ್ ಪ್ರಕಾರ ಭಟ್ರು ಕಾಣುತ್ತಿದ್ದಾರೆ, ಕಲ್ಲಿಂಗ್ ಆಗುವ ಪ್ರಶ್ನೆಯೇ ಇಲ್ಲ. ಗೇಮ್ ವ್ಯೂ ಅನ್ನು ಇಡೀ ಪರದೆಗೆ ಹಿಗ್ಗಿಸಿ ಸೀನ್ ವ್ಯೂ ಮರೆಯಾಗುವಂತೆ ಮಾಡಿದೆವು. ಅದೇ ಕಂಪ್ಯೂಟರಿನಲ್ಲಿ, ಅದೇ ಕೋಡ್‌ನಲ್ಲಿ, ಭಟ್ರು ಸೌಟು ಹಿಡಿದು ನಿಂತುಬಿಟ್ಟರು. ಎಡಿಟರ್‌ನಲ್ಲಿ ಬಾರದ, ಫೋನಿನಲ್ಲಿ ಬರುವ ಅನಿಮೇಷನ್ ದೂರು ಯಾವುದೇ ಇರಲಿ, ನಾನು ಮೊದಲು ಮಾಡಿಸುವುದು ಈ ಒಂದು ಪರೀಕ್ಷೆ.

ಇನ್ನೊಂದು ಗೊಂದಲವೂ ಇತ್ತು. ಕಚೇರಿಯಲ್ಲಿದ್ದ ಇನ್ನೊಂದು, ಸ್ವಲ್ಪ ದುಬಾರಿ ಫೋನಿನಲ್ಲಿ ತೊಂದರೆ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಬೆಳಗಿನ ಲೆವೆಲ್‌ನಲ್ಲಿ ಎರಡೂ ಫೋನು ಒಂದೇ ರೀತಿ. ಸಂಜೆಯ ಲೆವೆಲ್‌ನಲ್ಲಿ ಮಾತ್ರ ದುಬಾರಿ ಫೋನಿನ ಭಟ್ರು ಕಾಣದಿದ್ದರೂ ದೋಸೆ ಹಾಕುತ್ತಿದ್ದರು. ಅನಿಮೇಷನ್ ಮಾಡುವವರು "ಕ್ಲಿಪ್ ಎರಡೂ ಕಡೆ ಒಂದೇ ಗುರು, ನನ್ನ ಕಡೆಯಿಂದ ಏನೂ ಇಲ್ಲ" ಎಂದರು. ಅವರು ಹೇಳಿದ್ದು ನಿಜ. ಬೇರೆಯಾಗಿದ್ದದ್ದು ಕ್ವಾಲಿಟಿ ಸೆಟ್ಟಿಂಗ್. ದುಬಾರಿ ಫೋನಿಗೆ ನೆರಳು ಆನ್ ಇತ್ತು, ಅಗ್ಗದ ಫೋನಿಗೆ ಆಫ್. ಸಂಜೆಯ ಲೆವೆಲ್‌ನಲ್ಲಿ ಸೂರ್ಯ ಕೆಳಗಿರುತ್ತಾನೆ, ಭಟ್ರ ನೆರಳು ಉದ್ದವಾಗಿ ಕೌಂಟರ್ ಕಡೆಗೆ ಚಾಚುತ್ತದೆ. ನೆರಳು ಬಿಡಿಸಲು ಭಟ್ರನ್ನು ರೆಂಡರ್ ಮಾಡಲೇಬೇಕು. ಹಾಗಾಗಿ ಅವರು ಚೌಕಟ್ಟಿನ ಹೊರಗಿದ್ದರೂ ಎಂಜಿನ್ ಲೆಕ್ಕದಲ್ಲಿ ಕಾಣುವವರೇ. ಸೂರ್ಯನ ಕೋನ ಬದಲಾದರೆ ದೋಸೆ ಬೇಯುವ ಸಮಯ ಬದಲಾಗುತ್ತಿತ್ತು ಎಂದರೆ ಆಟದ ನಿಯಮ ಎಂಥ ಸಡಿಲ ನೆಲದ ಮೇಲೆ ನಿಂತಿತ್ತು ನೋಡಿ.

ಊಹೆಯನ್ನು ಖಚಿತ ಮಾಡಿಕೊಳ್ಳಲು ಭಟ್ರ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಹಾಕಿ, ಪ್ರತಿ ಫ್ರೇಮಿಗೂ ಒಂದು ಸಾಲು ಬರೆಸಿದೆವು.

```csharp
var s = animator.GetCurrentAnimatorStateInfo(0);
Debug.Log(Time.time + " " + body.isVisible + " " + s.normalizedTime);
```

ಇಲ್ಲಿ `body` ಎಂದರೆ ಭಟ್ರ ಮೈಯ ಸ್ಕಿನ್ಡ್ ಮೆಶ್ ರೆಂಡರರ್. ಫೋನನ್ನು ಕೇಬಲ್‌ನಿಂದ ಜೋಡಿಸಿ `adb logcat -s Unity` ಓಡಿಸಿದರೆ ಸಾಲುಗಳು ಕಂಪ್ಯೂಟರಿನಲ್ಲೇ ಕಾಣುತ್ತವೆ. ಕ್ಯಾಮೆರಾ ತಿರುಗಿದ ಕೂಡಲೇ ಎರಡನೇ ಕಾಲಂ `True`ನಿಂದ `False` ಆಯಿತು, ಮೂರನೇ ಕಾಲಂ 0.33ರ ಆಸುಪಾಸಿನಲ್ಲಿ ಕಲ್ಲಾಯಿತು. ಆರು ಸೆಕೆಂಡಿನ ಕ್ಲಿಪ್‌ನಲ್ಲಿ ಎರಡನೇ ಸೆಕೆಂಡ್ ಎಂದರೆ ಅಷ್ಟೇ. ಮೊದಲ ಕಾಲಂನ ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಈ ಮೂರು ಕಾಲಂಗಳನ್ನು ಒಟ್ಟಿಗೆ ನೋಡುವುದು ಮುಖ್ಯ. ಕಾಣದಿದ್ದಾಗ ಮೂರನೆಯದು ನಿಂತರೆ `Cull Completely`. ಮೂರನೆಯದು ಓಡುತ್ತಿದ್ದೂ ಕೈಕಾಲು ಅಲುಗದಿದ್ದರೆ `Cull Update Transforms`. ಕಾಣುತ್ತಿದ್ದಾಗಲೂ ಮೂರನೆಯದು ನಿಂತರೆ ಕಲ್ಲಿಂಗ್ ಅಲ್ಲ, ಬೇರೆಲ್ಲೋ ತೊಂದರೆ ಇದೆ.

ಮೊದಲ ಮದ್ದಾಗಿ ಭಟ್ರಿಗೂ ಸಪ್ಲೈಯರ್‌ಗೂ `Cull Update Transforms` ಹಾಕಿ ನೋಡಿದೆವು. ದೋಸೆ ಸರಿಹೋಯಿತು. ಸ್ಟೇಟ್ ಮಷೀನ್ ಓಡುವುದರಿಂದ ಐದನೇ ಸೆಕೆಂಡಿಗೆ ಇವೆಂಟ್ ತಪ್ಪದೆ ಬಂತು. ಸಪ್ಲೈಯರ್ ಕೂಡ ಅರ್ಧ ಸರಿಹೋದ. ಅವನ ನಡಿಗೆ ರೂಟ್ ಮೋಷನ್‌ನದು, ಅಂದರೆ ಕ್ಲಿಪ್‌ನಲ್ಲಿ ಕಾಲು ಎಷ್ಟು ಮುಂದೆ ಹೋಗುತ್ತದೋ ಪಾತ್ರವೂ ಅಷ್ಟೇ ಮುಂದೆ ಸರಿಯುತ್ತದೆ. ಮೊದಲು ಅವನು ಕಾಣದಿದ್ದಾಗ ಅಡುಗೆಮನೆಗೂ ಟೇಬಲ್ಲಿಗೂ ನಡುವೆ ಕಂಬದಂತೆ ನಿಂತಿರುತ್ತಿದ್ದ, ಈಗ ನಡೆದು ಟೇಬಲ್ ಮುಟ್ಟಿದ. ಆದರೆ ತಟ್ಟೆ ಮಾತ್ರ ಇಡಲಿಲ್ಲ.

ಪ್ರೋಗ್ರಾಮರ್ ಬೇಸರದಿಂದ ಕೇಳಿದರು: "ಇವೆಂಟ್ ಬರ್ತಿದೆ, ನಡಿಗೆ ಬರ್ತಿದೆ. ತಟ್ಟೆಗೇನಾಯ್ತು?"

ತಟ್ಟೆ ಸಪ್ಲೈಯರ್‌ನ ಬಲಗೈ ಮೂಳೆಯ ಮಗುವಾಗಿ ಹೈರಾರ್ಕಿಯಲ್ಲಿತ್ತು. ತಟ್ಟೆ ಇಟ್ಟದ್ದು ಆಯಿತೇ ಎಂದು ತಿಳಿಯಲು ಕೋಡ್, ತಟ್ಟೆಗೂ ಟೇಬಲ್ ಮೇಲಿನ ಗುರುತಿಗೂ ನಡುವಿನ ದೂರವನ್ನು ಅಳೆಯುತ್ತಿತ್ತು. ಹದಿನೈದು ಸೆಂಟಿಮೀಟರ್ ಒಳಗೆ ಬಂದರೆ ತಟ್ಟೆಯನ್ನು ಕೈಯಿಂದ ಬಿಡಿಸಿ ಟೇಬಲ್ಲಿಗೆ ಕೊಡುತ್ತಿತ್ತು. ಕಾಣುವಾಗ ಕೈ ಬಗ್ಗುತ್ತದೆ, ತಟ್ಟೆ ಇಳಿಯುತ್ತದೆ, ಲೆಕ್ಕ ಸರಿ. ಕಾಣದಿದ್ದಾಗ ಕ್ಲಿಪ್ ಪ್ರಕಾರ ಕೈ ಬಗ್ಗಬೇಕಾದ ಸಮಯ ಬಂದು ಹೋಗುತ್ತದೆ, ಆದರೆ ಮೂಳೆಗೆ ಯಾರೂ ಏನನ್ನೂ ಬರೆಯುವುದಿಲ್ಲ. ಕೈ ಭುಜದ ಎತ್ತರದಲ್ಲೇ ಉಳಿದಿರುತ್ತದೆ, ಅದರ ಜೊತೆ ತಟ್ಟೆಯೂ. ಟೇಬಲ್ಲಿನಿಂದ ಅರ್ಧ ಮೀಟರ್ ಮೇಲೆ. ಸಪ್ಲೈಯರ್ ಪಾಪ ಇಟ್ಟೆ ಅಂದುಕೊಂಡು ವಾಪಸ್ ನಡೆದುಬಿಡುತ್ತಿದ್ದ, ತಟ್ಟೆ ಕೈಯಲ್ಲೇ. ಈ ಮೋಡ್‌ನಲ್ಲಿ ಪಾತ್ರದ ಸಮಯ ಮತ್ತು ಜಾಗ ನಿಜ, ಅದರ ಕೈಕಾಲಿನ ಜಾಗ ಹಳೆಯದು. ಮೂಳೆಯ ಜಾಗ ಓದುವ ಯಾವುದೇ ಕೋಡ್, ಅದು ಕತ್ತಿ ತಾಗಿತೇ ಎಂದು ನೋಡುವುದಿರಲಿ, ಗುಂಡು ಎಲ್ಲಿಂದ ಹೊರಡಬೇಕೆಂದು ನೋಡುವುದಿರಲಿ, ಹೀಗೆಯೇ ಮೋಸಹೋಗುತ್ತದೆ.

ದೂರ ಅಳೆಯುವುದನ್ನು ತೆಗೆಸಿದೆವು. ತಟ್ಟೆ ಇಡುವ ಕ್ಷಣಕ್ಕೆ ಒಂದು ಇವೆಂಟ್ ಕೂರಿಸಿ, ಅದು ಬಂದಾಗ ತಟ್ಟೆಯನ್ನು ಕೈಯಿಂದ ಬಿಡಿಸಿ ನೇರವಾಗಿ ಟೇಬಲ್ ಗುರುತಿನ ಮೇಲೆ ಇಡುವಂತೆ ಬರೆಸಿದೆವು. ಕಾಣುವಾಗ ಕೈ ಸರಿಯಾಗಿ ಅಲ್ಲೇ ಇರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಸಪ್ಲೈಯರ್ ಮಟ್ಟಿಗೆ `Cull Update Transforms` ಕಡ್ಡಾಯ, ಏಕೆಂದರೆ ಅವನ ನಡಿಗೆಯೇ ಅನಿಮೇಷನ್‌ನಿಂದ ಬರುತ್ತದೆ. ನನ್ನ ಕೈಯಲ್ಲಿದ್ದಿದ್ದರೆ ಅವನನ್ನು ದಾರಿ ಹುಡುಕಿ ನಡೆಸುವ `NavMeshAgent` ಮೂಲಕ ನಡೆಸಿ, ಅನಿಮೇಷನ್ ಬರೀ ಕಾಲಾಡಿಸುವ ಕೆಲಸಕ್ಕೆ ಇಡುತ್ತಿದ್ದೆ. ಆಗ ಜಾಗದ ಲೆಕ್ಕಕ್ಕೆ ಅನಿಮೇಟರ್ ಬೇಕೇ ಇರುವುದಿಲ್ಲ. ಆದರೆ ರೂಟ್ ಮೋಷನ್‌ನಲ್ಲಿ ಪಾದ ನೆಲದ ಮೇಲೆ ಜಾರುವುದಿಲ್ಲ, ಆ ಹದವನ್ನು ಕಳೆದುಕೊಳ್ಳಲು ಅನಿಮೇಷನ್ ಮಾಡಿದವರು ಒಪ್ಪಲಿಲ್ಲ. ಅವರ ಮಾತಿಗೂ ಬೆಲೆಯಿದೆ. ಒಬ್ಬನೇ ಸಪ್ಲೈಯರ್, ಖರ್ಚು ಕಡಿಮೆ, ಹಾಗೇ ಬಿಟ್ಟೆವು.

ಭಟ್ರ ವಿಷಯದಲ್ಲಿ ಮೋಡ್ ಬದಲಿಸಿದ್ದಷ್ಟಕ್ಕೇ ನಿಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ದೋಸೆ ಎಷ್ಟು ಹೊತ್ತಿಗೆ ಆಗುತ್ತದೆ ಎಂಬುದು ಆಟದ ನಿಯಮ. ಅದು ಇನ್‌ಸ್ಪೆಕ್ಟರ್‌ನ ಒಂದು ಆಯ್ಕೆಗೆ ಕಟ್ಟಿಹಾಕಿಕೊಂಡಿದ್ದರೆ, ಮುಂದೆ ಯಾರಾದರೂ ವೇಗಕ್ಕಾಗಿ ಆ ಆಯ್ಕೆ ಬದಲಿಸಿದ ದಿನ ನಿಯಮವೇ ಬದಲಾಗುತ್ತದೆ. ಆಗಿದ್ದೂ ಅದೇ ಅಲ್ಲವೇ? ಎರಡನೆಯದಾಗಿ, ಮುಂದಿನ ಲೆವೆಲ್‌ಗಳಲ್ಲಿ ನಾಲ್ಕೈದು ಕಾವಲಿ, ನಾಲ್ಕೈದು ಭಟ್ರು ಬರುವವರಿದ್ದರು. ಆದ್ದರಿಂದ ದೋಸೆಯ ಸಮಯವನ್ನು ಅನಿಮೇಷನ್‌ನಿಂದ ಬಿಡಿಸಿ ಕೋಡ್‌ನ ಗಡಿಯಾರಕ್ಕೆ ಕೊಟ್ಟೆವು. ಆರ್ಡರ್ ಶುರುವಾದ ಸಮಯವನ್ನು ಬರೆದಿಟ್ಟುಕೊಳ್ಳುವುದು, ಐದು ಸೆಕೆಂಡ್ ಕಳೆದರೆ ದೋಸೆ ರೆಡಿ. ಭಟ್ರು ಕೈಯಾಡಿಸಲಿ, ಬಿಡಲಿ. ಕ್ಲಿಪ್‌ನೊಳಗಿನ ಇವೆಂಟ್‌ಗೆ ಚುಂಯ್ ಎಂಬ ಸದ್ದು, ಹಬೆ, ಇಂಥವನ್ನು ಮಾತ್ರ ಉಳಿಸಿದೆವು. ಕಾಣದಿದ್ದಾಗ ಅವು ತಪ್ಪಿದರೆ ಯಾರಿಗೂ ನಷ್ಟವಿಲ್ಲ.

ಹೀಗೆ ಮಾಡಿ ಭಟ್ರನ್ನು `Cull Completely`ಗೆ ಹಿಂದಿರುಗಿಸಿದಾಗ ಹೊಸ ವಿಚಿತ್ರ ಕಂಡಿತು. ಆಟಗಾರ ಹತ್ತು ಸೆಕೆಂಡ್ ಬಿಟ್ಟು ಬಂದರೆ ಹಲಗೆಯ ಮೇಲೆ ಬಿಸಿ ದೋಸೆ ಇದೆ, ಭಟ್ರು ಅದೇ ದೋಸೆಯ ಹಿಟ್ಟನ್ನು ಇನ್ನೂ ಸುತ್ತುತ್ತಿದ್ದಾರೆ. ಗಡಿಯಾರ ಮುಂದೆ, ಕೈ ಹಿಂದೆ. ನಿಂತಲ್ಲಿಂದ ಹೊರಡುವುದು ಈ ಮೋಡ್‌ನ ಸ್ವಭಾವವಾದ್ದರಿಂದ, ಪಾತ್ರ ಮತ್ತೆ ಕಂಡಾಗ ಅದನ್ನು ಸರಿಯಾದ ಜಾಗಕ್ಕೆ ನಾವೇ ತರಬೇಕು.

```csharp
void OnBecameVisible()
{
    float t = (Time.time - startTime) / 6f;
    if (t < 1f) animator.Play("Dose", 0, t);
    else animator.Play("Idle", 0, 0f);
}
```

ಈ ಫಂಕ್ಷನ್ ರೆಂಡರರ್ ಇರುವ ವಸ್ತುವಿನ ಮೇಲಿನ ಸ್ಕ್ರಿಪ್ಟಿಗೆ ಮಾತ್ರ ಬರುತ್ತದೆ. ಭಟ್ರ ಅನಿಮೇಟರ್ ಮೇಲಿನ ವಸ್ತುವಿನಲ್ಲಿತ್ತು, ಮೈಯ ಮೆಶ್ ಅದರ ಕೆಳಗಿನ ಮಗುವಿನಲ್ಲಿತ್ತು. ಸ್ಕ್ರಿಪ್ಟನ್ನು ಮೆಶ್ ಇರುವಲ್ಲಿ ಹಾಕಿದ ಮೇಲೇ ಅದು ಕೆಲಸ ಮಾಡಿದ್ದು. ಹೀಗೆ ಮುಂದಕ್ಕೆ ಹಾರಿಸಿದಾಗ ನಡುವೆ ಬಿಟ್ಟುಹೋದ ಇವೆಂಟುಗಳು ಬರುವುದಿಲ್ಲ. ಆಟದ ಲೆಕ್ಕ ಇವೆಂಟಿನಲ್ಲಿ ಉಳಿದಿದ್ದರೆ ಈ ಮದ್ದೇ ಹೊಸ ಕಾಯಿಲೆಯಾಗುತ್ತಿತ್ತು. ಭಟ್ರು ಪರದೆಯ ಅಂಚಿನಿಂದ ಒಳಬರುವಾಗಲೇ ಈ ಹಾರಿಕೆ ನಡೆದುಹೋಗುವುದರಿಂದ ಕಣ್ಣಿಗೆ ತಾಗಲಿಲ್ಲ. ಕ್ಯಾಮೆರಾ ಸರಿಯುವ ಬದಲು ಒಮ್ಮೆಲೇ ಅಡುಗೆಮನೆಗೆ ಕತ್ತರಿಸಿ ಹೋಗುವ ಆಟವಾಗಿದ್ದರೆ, ಒಂದು ಫ್ರೇಮಿನ ಹಳೆಯ ಭಂಗಿ ಕಾಣುವ ಅಪಾಯವನ್ನು ನೋಡಿಕೊಳ್ಳಬೇಕಾಗುತ್ತಿತ್ತು.

ಗಿರಾಕಿಗಳಲ್ಲಿ ಇದೇ ಬೇರಿನ ಇನ್ನೊಂದು ಕೊಂಬೆ ಸಿಕ್ಕಿತು. ಕಾಣದಿದ್ದಾಗ ಅವರಿಗೆ `SetTrigger` ಮೂಲಕ "ಕೈ ಎತ್ತು", ಆಮೇಲೆ "ತಿನ್ನು" ಎಂದು ಕೋಡ್ ಹೇಳುತ್ತಿತ್ತು. ಸ್ಟೇಟ್ ಮಷೀನ್ ನಿಂತಿರುವುದರಿಂದ ಆ ಟ್ರಿಗರ್‌ಗಳನ್ನು ಬಳಸಿಕೊಳ್ಳುವವರಿಲ್ಲ, ಅವು ಹಾಗೇ ಎದ್ದು ನಿಂತಿರುತ್ತವೆ. ಕ್ಯಾಮೆರಾ ಬಂದ ಕೂಡಲೇ ಆಗಲೇ ತಿನ್ನುತ್ತಿರಬೇಕಾದ ಗಿರಾಕಿ ಮೊದಲು ಕೈ ಎತ್ತಿ ಸಪ್ಲೈಯರ್‌ನನ್ನು ಕರೆದು, ಆಮೇಲೆ ತಿನ್ನಲು ಶುರುಮಾಡುತ್ತಿದ್ದ. ಹೊಸ ಟ್ರಿಗರ್ ಕೊಡುವ ಮೊದಲು ಹಳೆಯದನ್ನು `ResetTrigger` ಮಾಡಿದರೆ ಸಾಕಾಯಿತು. ಕ್ಲಿಪ್ ಮುಗಿಯಲಿ ಎಂದು `normalizedTime` ಒಂದಾಗುವವರೆಗೆ ಕಾಯುವ ಒಂದು ಕೊರೂಟಿನ್ ಕೂಡ ಇತ್ತು. ಕಾಣದ ಗಿರಾಕಿಯಲ್ಲಿ ಅದು ಎಂದೂ ಒಂದಾಗುವುದಿಲ್ಲ, ಆತ ಟೇಬಲ್ ಬಿಟ್ಟು ಏಳುವುದೇ ಇಲ್ಲ. ಅಲ್ಲೂ ಗಡಿಯಾರವನ್ನೇ ಹಾಕಿಸಿದೆವು.

ಕೊನೆಗೆ ಉಳಿದದ್ದು ಟೇಬಲ್ ಒರೆಸುವ ಹುಡುಗ. ಇವನ ತೊಂದರೆ ಬೇರೆ ಜಾತಿಯದು. ಇವನು ಪರದೆಯ ಒಳಗೆ ಕಾಣುತ್ತಿರುವಾಗಲೇ, ಅಂಚಿನ ಹತ್ತಿರ ಬಂದರೆ, ಇಡೀ ಮೈ ಫಕ್ಕನೆ ಮಾಯವಾಗುತ್ತಿತ್ತು. ಕ್ಯಾಮೆರಾ ಸ್ವಲ್ಪ ಸರಿದರೆ ಮಾಯವಾದಾಗಿನ ಅದೇ ಭಂಗಿಯಲ್ಲಿ ಮತ್ತೆ ಹಾಜರಾಗುತ್ತಿದ್ದ.

ಕಾಣುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಎಂಜಿನ್ ಮೆಶ್‌ನ ಒಂದೊಂದು ಬಿಂದುವನ್ನೂ ನೋಡುವುದಿಲ್ಲ. ಪಾತ್ರದ ಸುತ್ತ ಒಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ಬೌಂಡ್ಸ್ ಎನ್ನುತ್ತಾರೆ. ಪೆಟ್ಟಿಗೆ ಚೌಕಟ್ಟಿನ ಒಳಗೆ ಸ್ವಲ್ಪವಾದರೂ ಇದ್ದರೆ ಪಾತ್ರ ಕಾಣುತ್ತದೆ, ಪೂರ್ತಿ ಹೊರಗಿದ್ದರೆ ಕಾಣುವುದಿಲ್ಲ. ಸ್ಕಿನ್ಡ್ ಮೆಶ್‌ಗೆ ಈ ಪೆಟ್ಟಿಗೆಯನ್ನು ಮಾಡೆಲ್ ಇಂಪೋರ್ಟ್ ಮಾಡುವಾಗಲೇ, ಮೆಶ್ ಮತ್ತು ಆ ಫೈಲಿನೊಳಗಿನ ಅನಿಮೇಷನ್‌ಗಳನ್ನು ನೋಡಿ ಲೆಕ್ಕಹಾಕಿಡಲಾಗುತ್ತದೆ. ಒರೆಸುವ ಕ್ಲಿಪ್ ಬೇರೆ ಫೈಲಿನಿಂದ ಬಂದಿತ್ತು. ಅದರಲ್ಲಿ ಹುಡುಗ ಉದ್ದನೆಯ ಟೇಬಲ್ ಉದ್ದಕ್ಕೂ ಒಂದೂವರೆ ಮೀಟರ್ ಸರಿಯುತ್ತಾನೆ, ಆದರೆ ಸರಿಯುವುದು ಸೊಂಟದ ಮೂಳೆ, ಪೆಟ್ಟಿಗೆಗೆ ಆಧಾರವಾದ ರೂಟ್ ಬೋನ್ ಅಲ್ಲ. ಮೈ ಟೇಬಲ್ಲಿನ ಆ ತುದಿಯಲ್ಲಿ, ಪೆಟ್ಟಿಗೆ ಈ ತುದಿಯಲ್ಲಿ. ಈ ತುದಿ ಚೌಕಟ್ಟಿನಿಂದ ಹೊರಬಿದ್ದರೆ ಎಂಜಿನ್ ಮಟ್ಟಿಗೆ ಹುಡುಗನೇ ಇಲ್ಲ.

ಇದನ್ನು ಪತ್ತೆಹಚ್ಚುವುದು ಸುಲಭ. ಆಟ ಓಡುತ್ತಿರುವಾಗ ಸೀನ್ ವ್ಯೂನಲ್ಲಿ ಆ ಮೆಶ್ ಆಯ್ಕೆಮಾಡಿ, ಸ್ಕಿನ್ಡ್ ಮೆಶ್ ರೆಂಡರರ್‌ನ `Edit Bounds` ಗುಂಡಿ ಒತ್ತಿದರೆ ಪೆಟ್ಟಿಗೆ ಕಾಣುತ್ತದೆ. ಮೈ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ ಇದ್ದದ್ದು ಒಂದೇ ನೋಟಕ್ಕೆ ತಿಳಿಯಿತು. ಮದ್ದು ಎರಡಿವೆ. `Update When Offscreen` ಆನ್ ಮಾಡಿದರೆ ಎಂಜಿನ್ ಪ್ರತಿ ಫ್ರೇಮಿಗೂ ಪೆಟ್ಟಿಗೆಯನ್ನು ಮೈಗೆ ತಕ್ಕಂತೆ ಹೊಸದಾಗಿ ಲೆಕ್ಕಹಾಕುತ್ತದೆ. ತಪ್ಪುವುದಿಲ್ಲ, ಆದರೆ ಕಾಣದಿದ್ದಾಗಲೂ ಆ ಖರ್ಚು ಇರುತ್ತದೆ. ಇನ್ನೊಂದು, ಒರೆಸುವ ಕ್ಲಿಪ್‌ನ ಎರಡೂ ತುದಿ ಒಳಗೆ ಬರುವಷ್ಟು ಪೆಟ್ಟಿಗೆಯನ್ನು ಕೈಯಾರೆ ದೊಡ್ಡದು ಮಾಡುವುದು. ಹುಡುಗ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತಾನೆ ಎಂಬುದು ಮೊದಲೇ ಗೊತ್ತಿರುವುದರಿಂದ ನಾವು ಎರಡನೆಯದನ್ನೇ ಆರಿಸಿದೆವು. ಬಿದ್ದು ಉರುಳಾಡುವ, ಎಲ್ಲಿ ಹೋಗಿ ನಿಲ್ಲುತ್ತದೆಂದು ಹೇಳಲಾಗದ ರ‍್ಯಾಗ್‌ಡಾಲ್ ಇದ್ದಿದ್ದರೆ ಮೊದಲನೆಯದೇ ಸರಿ.

ಇದೇ ವಿಚಾರ Unreal ಎಂಜಿನ್‌ನಲ್ಲಿ `Visibility Based Anim Tick Option` ಎಂಬ ಹೆಸರಿನಲ್ಲಿದೆ. ಅಲ್ಲಿನ `Always Tick Pose`, ಕಾಣದಿದ್ದಾಗಲೂ ಅನಿಮೇಷನ್‌ನ ಸಮಯವನ್ನು ಮುಂದೆ ಒಯ್ಯುತ್ತದೆ, ಮೂಳೆಗಳ ಜಾಗವನ್ನು ಹೊಸದು ಮಾಡುವುದಿಲ್ಲ. ಮೂಳೆಗಳೂ ಬೇಕಿದ್ದರೆ `Always Tick Pose and Refresh Bones`. ಪರದೆಯೇ ಇಲ್ಲದ ಡೆಡಿಕೇಟೆಡ್ ಸರ್ವರ್‌ನಲ್ಲಿ ಯಾರೂ ಎಂದೂ ಕಾಣುವುದಿಲ್ಲ. ಅಲ್ಲಿ ಗುಂಡು ಕೈಗೆ ತಾಗಿತೋ ತಲೆಗೆ ತಾಗಿತೋ ಎಂದು ಮೂಳೆ ನೋಡಿ ತೀರ್ಮಾನಿಸುವ ಗೇಮ್ ಮಾಡುವವರಿಗೆ ಈ ಎರಡನೆಯದು ಬೇಕೇ ಬೇಕು. ಸಪ್ಲೈಯರ್‌ನ ತಟ್ಟೆಗೂ ಆ ಗುಂಡಿಗೂ ಕಾಯಿಲೆ ಒಂದೇ.

ಎಲ್ಲ ಬದಲಿಸಿದ ಮೇಲೆ ಪರೀಕ್ಷೆಯ ವಿಧಾನವನ್ನೂ ಟೆಸ್ಟರ್ ಹುಡುಗಿಯೇ ಗೊತ್ತುಮಾಡಿದಳು. ಎಡಿಟರ್‌ನಲ್ಲಿ ಅಲ್ಲ, ಫೋನಿನಲ್ಲಿ. ನೆರಳು ಆಫ್ ಇರುವ ಅಗ್ಗದ ಫೋನಿನಲ್ಲಿ, ಏಕೆಂದರೆ ಕಲ್ಲಿಂಗ್ ಅತಿ ಹೆಚ್ಚು ಆಗುವುದು ಅಲ್ಲಿ. ಒಂದು ಆರ್ಡರ್ ಅನ್ನು ಪೂರ್ತಿ ಅಡುಗೆಮನೆ ನೋಡುತ್ತ, ಇನ್ನೊಂದನ್ನು ಪೂರ್ತಿ ಕೌಂಟರ್ ನೋಡುತ್ತ, ಮೂರನೆಯದನ್ನು ಆಚೀಚೆ ತಿರುಗುತ್ತ ಮುಗಿಸುವುದು, ಮೂರರ ಸಮಯವನ್ನೂ ಲಾಗ್‌ನಲ್ಲಿ ಹೋಲಿಸುವುದು. ಮೂರೂ ಐದು ಸೆಕೆಂಡಿಗೆ, ಒಂದೆರಡು ಫ್ರೇಮಿನ ವ್ಯತ್ಯಾಸದಲ್ಲಿ ಬಂದವು. ಹೊಸ ಪಾತ್ರವೋ ಹೊಸ ಕ್ಲಿಪ್ಪೋ ಸೇರಿದಾಗಲೆಲ್ಲ ಆಕೆ ಮೊದಲು ಮಾಡುವುದು ಇದನ್ನೇ, ಜೊತೆಗೆ ಆ ಪಾತ್ರವನ್ನು ಪರದೆಯ ನಾಲ್ಕೂ ಅಂಚಿಗೆ ಒಯ್ದು ಮಾಯವಾಗುತ್ತದೆಯೇ ಎಂದು ನೋಡುವುದು. ಮಸಾಲೆ ದೋಸೆಗೆ ಪಲ್ಯ ತುಂಬುವ ಹೊಸ ಕ್ಲಿಪ್ ಬಂದಾಗ, ಭಟ್ರು ಪಕ್ಕದ ಪಾತ್ರೆಗೆ ಬಗ್ಗುವಾಗ ಎಡ ಅಂಚಿನಲ್ಲಿ ಮಾಯವಾದದ್ದು ಈ ಪರೀಕ್ಷೆಯಲ್ಲೇ ಸಿಕ್ಕಿತು. ಅವರ ಪೆಟ್ಟಿಗೆಯನ್ನೂ ಎಡಕ್ಕೆ ಅರ್ಧ ಮೀಟರ್ ಹಿಗ್ಗಿಸಬೇಕಾಯಿತು.